ನಳಿಗೆಯ ಗಂಜಿ, ಏರುವ ಶುಗರ್ ಮತ್ತು ಒಂದು ನೋಟ್‌ಬುಕ್

ನಮ್ಮ ಬಳಿಚಕ್ರದ ಕಡೆ ಲಕ್ವಾ ಹೊಡೆದವರನ್ನು ಕಲಬುರಗಿಗೋ ರಾಯಚೂರಿಗೋ ಒಯ್ದು, ಹತ್ತು ಹನ್ನೆರಡು ದಿನಕ್ಕೆ ಮೂಗಿನಲ್ಲಿ ನಳಿಗೆ ಇಟ್ಟುಕೊಂಡೇ ಮನೆಗೆ ತರುವುದು ಈಗ ಅಪರೂಪವಲ್ಲ. ಆ ನಳಿಗೆಗೆ ರೈಲ್ಸ್ ಟ್ಯೂಬ್ ಅಂತಾರೆ. ನುಂಗಲು ಆಗದವರಿಗೆ ಮೂಗಿನಿಂದ ಹೊಟ್ಟೆಯವರೆಗೆ ಇಳಿಸಿರುತ್ತಾರೆ. ದೊಡ್ಡ ಸಿರಿಂಜಿನಲ್ಲಿ ಗಂಜಿ, ಹಾಲು, ಬೇಳೆಕಟ್ಟು ಹಾಕುವುದನ್ನು ಮನೆಯವರು ಒಂದೇ ದಿನದಲ್ಲಿ ಕಲಿತುಬಿಡುತ್ತಾರೆ. ಶುಗರ್ ಮಷಿನ್ ತೋರಿಸುವ ಅಂಕಿಯನ್ನು ಓದುವುದು ಮಾತ್ರ ಅಷ್ಟು ಬೇಗ ಬರುವುದಿಲ್ಲ.

ನಮ್ಮ ದೊಡ್ಡಪ್ಪನಿಗೆ ಅರವತ್ತು ದಾಟಿತ್ತು, ಮೊದಲೇ ಸಕ್ಕರೆ ಕಾಯಿಲೆ ಇತ್ತು. ಮನೆಗೆ ಬಂದ ಮೂರನೇ ದಿನ ನಮ್ಮ ವೈನಿ ನನಗೆ ಫೋನ್ ಮಾಡಿದರು. "ಮಾಮಾಗ ಒಂದು ತುತ್ತು ಬಾಯಾಗ ಹೋಗಿಲ್ಲ, ಶುಗರ್ ನೋಡಿದ್ರ ಇನ್ನೂರಾ ಐವತ್ತರ ಮ್ಯಾಲ ಅದ. ಉಂಡಿಲ್ಲ ಅಂದಮ್ಯಾಗ ಹೆಂಗ ಏರ್ತದ?" ನಾನು ಪೇಪರಿಗೆ ಮಳೆ, ಬೆಳೆ, ಗ್ರಾಮಸಭೆ ಬರೆಯುವವನು. ಉತ್ತರ ನನ್ನ ಹತ್ತಿರ ಇರಲಿಲ್ಲ. ದೊಡ್ಡಪ್ಪನನ್ನು ನೋಡಿದ ಆಸ್ಪತ್ರೆಯ ಆಹಾರ ತಜ್ಞೆಗೆ ಫೋನ್ ಹಚ್ಚಿದೆ. ಅವರು ಹೇಳಿದ ಮೊದಲ ಲೆಕ್ಕ ಕೇಳಿದ ಮೇಲೆ ಉಳಿದದ್ದೆಲ್ಲ ಸುಲಭವಾಯಿತು.

ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ ಇರುತ್ತದೆ. ಮಷಿನ್ 100 ಎಂದು ತೋರಿಸಿದರೆ ಒಂದು ಡೆಸಿಲೀಟರ್ ರಕ್ತದಲ್ಲಿ, ಅಂದರೆ 100 ಮಿಲಿಯಲ್ಲಿ, 100 ಮಿಲಿಗ್ರಾಂ ಸಕ್ಕರೆ ಇದೆ ಎಂದರ್ಥ. ಐದು ಲೀಟರಿಗೆ ಲೆಕ್ಕ ಹಾಕಿದರೆ ಬರೀ 5 ಗ್ರಾಂ. ಇಡೀ ಮೈಯ ರಕ್ತದಲ್ಲಿ ಒಂದು ಹೊತ್ತಿಗೆ ಇರುವುದು ಚಹಾದ ಒಂದು ಚಮಚ ಸಕ್ಕರೆಯಷ್ಟೇ.

ಈಗ ದೊಡ್ಡಪ್ಪನ ಒಂದು ಹೊತ್ತಿನ ನಳಿಗೆ ಊಟ ನೋಡಿ. ಸುಮಾರು 200 ಮಿಲಿ. ಅದರಲ್ಲಿ 150 ಮಿಲಿ ಹಾಲು, 20 ಗ್ರಾಂ ರಾಗಿ ಹಿಟ್ಟು, ಎರಡು ಚಮಚ ಸಕ್ಕರೆ, ಉಳಿದದ್ದು ನೀರು. ಹಾಲಿನಲ್ಲಿ ಸುಮಾರು 7 ಗ್ರಾಂ, ರಾಗಿಯಲ್ಲಿ 14, ಸಕ್ಕರೆಯದ್ದು 10. ಒಟ್ಟು 31 ಗ್ರಾಂ. ರಕ್ತದಲ್ಲಿ ಒಂದು ಚಮಚ ಇರುವ ಜಾಗಕ್ಕೆ ಆರು ಚಮಚ ಬಂದು ಬೀಳುತ್ತದೆ. ಬಾಯಿಂದ ಹೋಯಿತೋ ಮೂಗಿನಿಂದ ಹೋಯಿತೋ ಎಂದು ಹೊಟ್ಟೆ ಕೇಳುವುದಿಲ್ಲ. ನಳಿಗೆ ಕಟ್ಟಬಾರದೆಂದು ನಾವು ಗಂಜಿಯನ್ನು ನುಣ್ಣಗೆ ಬೇಯಿಸಿ, ಸೋಸಿ, ತೆಳ್ಳಗೆ ಮಾಡಿ ಹಾಕುತ್ತೇವೆ. ಜೋಳದ ರೊಟ್ಟಿಯಾಗಿದ್ದರೆ ಅಗಿದು, ನುಂಗಿ, ಕರಗಲು ಹೊತ್ತು ಹಿಡಿಯುತ್ತಿತ್ತು. ಇದು ಬೇಗ ರಕ್ತಕ್ಕೆ ಸೇರುತ್ತದೆ.

ಆರೋಗ್ಯವಂತರಲ್ಲಿ ಮೇದೋಜೀರಕ ಗ್ರಂಥಿ ತಕ್ಷಣ ಇನ್ಸುಲಿನ್ ಬಿಟ್ಟು ಆ ಆರು ಚಮಚವನ್ನು ಸ್ನಾಯುಗಳಿಗೆ, ಲಿವರ್‌ಗೆ ಕಳಿಸುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಆ ಕೆಲಸ ಕುಂಟುತ್ತದೆ. ಮೇಲಾಗಿ ಲಕ್ವಾ, ಸೋಂಕು, ಆಪರೇಷನ್ ಏನೇ ಆದರೂ ಮೈ ಅದನ್ನು ಆಪತ್ತು ಎಂದೇ ತಿಳಿಯುತ್ತದೆ. ಆಗ ಬಿಡುಗಡೆಯಾಗುವ ಹಾರ್ಮೋನುಗಳು ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಸುರಿಸುತ್ತವೆ, ಇನ್ಸುಲಿನ್ನಿನ ಮಾತನ್ನೂ ನಡೆಯಗೊಡುವುದಿಲ್ಲ. ಅದಕ್ಕೇ ಮೊದಲು ಶುಗರ್ ಇಲ್ಲದವರಿಗೂ ಆಸ್ಪತ್ರೆಯಲ್ಲಿ ಏರುವುದುಂಟು. ಸ್ಟೀರಾಯ್ಡ್ ಔಷಧಿ ನಡೆದಿದ್ದರೆ ಇನ್ನೂ ಹೆಚ್ಚು.

ಆಹಾರ ತಜ್ಞೆ ಒಂದೇ ಕೆಲಸ ಹೇಳಿದರು. ಪ್ರತಿ ಸಲ ಗಂಜಿ ಹಾಕುವ ಮುಂಚೆ ಶುಗರ್ ನೋಡಿ, ಹೊತ್ತು ಬರೆದು, ಒಂದು ದಿನದ್ದನ್ನು ಕಳಿಸಿ. ಗಂಜಿ ಹಾಕಿದ ಅರ್ಧ ಗಂಟೆಗೋ ಒಂದು ಗಂಟೆಗೋ ನೋಡಿದರೆ ಏರಿಯೇ ಇರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಮುಂದಿನ ಊಟದ ಹೊತ್ತಿಗೆ ಹಿಂದಿನದು ಇಳಿಯಿತೇ ಇಲ್ಲವೇ ಎಂಬುದು ಬೇಕಾದದ್ದು. ವೈನಿ ಮಗನ ನೋಟ್‌ಬುಕ್‌ನಲ್ಲಿ ಬರೆದಿಟ್ಟರು. ಮುಂಜಾನೆ 6ಕ್ಕೆ 148. 9ಕ್ಕೆ 212. ಮಧ್ಯಾಹ್ನ 12ಕ್ಕೆ 251. 3ಕ್ಕೆ 268. ಸಂಜೆ 6ಕ್ಕೆ 259. ರಾತ್ರಿ 9ಕ್ಕೆ 240.

ಇದು ಮೆಟ್ಟಿಲು ಹತ್ತಿದ ಹಾಗಿದೆ. ಮೂರು ಗಂಟೆಗೊಮ್ಮೆ ಊಟ ಬೀಳುತ್ತದೆ. ಒಂದು ಊಟದ ಸಕ್ಕರೆ ಪೂರಾ ಇಳಿಯುವ ಮೊದಲೇ ಇನ್ನೊಂದು ಬರುತ್ತದೆ. ರಾತ್ರಿ 9ರಿಂದ ಮುಂಜಾನೆ 6ರವರೆಗೆ ಒಂಬತ್ತು ಗಂಟೆ ಬಿಡುವು ಸಿಕ್ಕಾಗ ಮಾತ್ರ ಕೆಳಗಿಳಿಯುತ್ತದೆ. ಮುಂಜಾನೆಯ 148 ಒಂದನ್ನೇ ನೋಡಿ "ಆರಾಮ ಐತಿ" ಅಂದುಕೊಳ್ಳುವವರಿದ್ದಾರೆ. ಮಧ್ಯಾಹ್ನದ 268 ಒಂದನ್ನೇ ನೋಡಿ ಹೆದರಿ ಗಂಜಿ ನಿಲ್ಲಿಸುವವರೂ ಇದ್ದಾರೆ. ಎರಡನೆಯದು ಹೆಚ್ಚು ಕೆಟ್ಟದ್ದು ಅನ್ನುವುದು ನನ್ನ ಅಭಿಪ್ರಾಯ. ಇನ್ಸುಲಿನ್ ತೆಗೆದುಕೊಳ್ಳುವವರ ಊಟ ಹೇಳದೆ ಕೇಳದೆ ತಪ್ಪಿಸುವುದು ಏನು ಮಾಡುತ್ತದೆ ಎಂಬುದಕ್ಕೆ ಮುಂದೆ ಬರುತ್ತೇನೆ.

ಸಕ್ಕರೆ ಯಾಕೆ ಹಾಕಿದ್ದು ಎಂದು ತಜ್ಞೆ ಕೇಳಿದಾಗ ವೈನಿ ಹೇಳಿದ್ದು, "ಸಪ್ಪಗ ಹೆಂಗ ಕೊಡೂದ್ರಿ ಮೇಡಂ." ಮೂಗಿನ ನಳಿಗೆಯಲ್ಲಿ ಹೋಗುವುದು ನಾಲಿಗೆಗೆ ತಾಗುವುದೇ ಇಲ್ಲ. ಆದರೂ ಹಿರಿಯರಿಗೆ ಸಪ್ಪೆ ಗಂಜಿ ಕೊಡಲು ಮನಸ್ಸು ಒಪ್ಪದು, ಅದು ನಮ್ಮ ಕಡೆಯ ಪ್ರೀತಿ. ಸಕ್ಕರೆ ಬಿಟ್ಟಾಗ ದಿನಕ್ಕೆ ಆರು ಊಟದಲ್ಲಿ 60 ಗ್ರಾಂ ಕಡಿಮೆಯಾಯಿತು. ಹೋದ ಶಕ್ತಿಯನ್ನು ತುಂಬಲು ಬೇಳೆಕಟ್ಟು ಮತ್ತು ಅಳತೆಯ ಎಣ್ಣೆ ಸೇರಿಸಿ ಎಂದರು. ನೋಟ್‌ಬುಕ್ ನೋಡಿ ಡಾಕ್ಟರು ಇನ್ಸುಲಿನ್ ಅಳತೆಯನ್ನೂ ಬದಲಿಸಿದರು. ಆ ಅಳತೆಯನ್ನು ನಾನು ಇಲ್ಲಿ ಬರೆಯುವುದಿಲ್ಲ, ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ. ನಾಲ್ಕು ದಿನಕ್ಕೆ ಅಂಕಿಗಳು 140ರಿಂದ 190ರ ನಡುವೆ ಬಂದು ನಿಂತವು.

"ಇನ್ನೂ 170 ಅದ, 100ಕ್ಕ ತರಬೇಕಲ್ಲ?" ಎಂದು ಅಣ್ಣ ಕೇಳಿದ. ಬೇಡ ಎಂದರು ಡಾಕ್ಟರು. ಹಿಂದೆ ಐಸಿಯು ರೋಗಿಗಳ ಶುಗರನ್ನು 80ರಿಂದ 110ರೊಳಗೆ ಹಿಡಿದಿಡುವ ಪದ್ಧತಿ ಬಂದಿತ್ತು. 2009ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾ ಮುಂತಾದ ಕಡೆಯ ಆರು ಸಾವಿರಕ್ಕೂ ಹೆಚ್ಚು ರೋಗಿಗಳ ಅಧ್ಯಯನ ಪ್ರಕಟವಾಯಿತು. ಅಷ್ಟು ಬಿಗಿ ಮಾಡಿದವರಲ್ಲೇ ಸಾವು ಹೆಚ್ಚು ಎಂದು ಅದರಲ್ಲಿ ಕಂಡಿತು. ಅದಾದ ಮೇಲೆ ಆಸ್ಪತ್ರೆಯಲ್ಲಿರುವ ಹೆಚ್ಚಿನ ರೋಗಿಗಳಿಗೆ 140ರಿಂದ 180 ಸಾಕು ಎಂಬ ಮಾತು ನಿಂತಿದೆ. ನಳಿಗೆ ಊಟದವರಲ್ಲಿ ಏರಿದ್ದಕ್ಕಿಂತ ಇಳಿದದ್ದೇ ಬೇಗ ಕೊಲ್ಲುತ್ತದೆ.

ಅದನ್ನು ನಮ್ಮ ಮನೆಯಲ್ಲೇ ನೋಡಿದೆವು. ದೊಡ್ಡಪ್ಪನಿಗೆ ಮುಂಜಾನೆ 6 ಮತ್ತು ಸಂಜೆ 6ರ ಊಟದೊಂದಿಗೆ, ಹಾಲಿನಂತೆ ಮಸುಕಾಗಿ ಕಾಣುವ, ತಾಸುಗಟ್ಟಲೆ ಕೆಲಸ ಮಾಡುವ ಇನ್ಸುಲಿನ್ ಇತ್ತು. ಒಂದು ಸಂಜೆ ಇನ್ಸುಲಿನ್ ಆಗಿ, ಊಟವೂ ಆಗಿ, ಏಳೂವರೆಗೆ ಅವರು ಎಡಗೈಯಿಂದ ನಳಿಗೆ ಎಳೆದುಬಿಟ್ಟರು. 8 ಗಂಟೆಗೆ ಶುಗರ್ 164. ಅಂಕಿ ನೋಡಿದರೆ ಎಷ್ಟು ಚೆಂದ. ಆದರೆ ಒಳಗೆ ಇನ್ಸುಲಿನ್ ಇನ್ನೂ ದುಡಿಯುತ್ತಿದೆ, 9ರ ಗಂಜಿ ಹೋಗಲು ದಾರಿಯಿಲ್ಲ. ಹಾಕಿದ ಇನ್ಸುಲಿನ್ನನ್ನು ವಾಪಸ್ ತೆಗೆಯಲು ಬರುವುದಿಲ್ಲ. ಡಿಸ್ಚಾರ್ಜ್ ದಿನ ನರ್ಸ್ ಹೇಳಿದ್ದು ವೈನಿಗೆ ನೆನಪಿತ್ತು: ಇನ್ಸುಲಿನ್ ಆದಮೇಲೆ ಊಟ ನಿಂತರೆ ಅಂಕಿ ಎಷ್ಟೇ ಇರಲಿ, ಹೊರಡಿ. 108ಕ್ಕೆ ಫೋನ್ ಮಾಡಿದರು. 9ಕ್ಕೆ 118. ಯಾದಗಿರಿ ಮುಟ್ಟುವ ಹೊತ್ತಿಗೆ 86. ಅಲ್ಲಿ ಹತ್ತು ಪರ್ಸೆಂಟಿನ ಡೆಕ್ಸ್‌ಟ್ರೋಸ್ ಸಲಾಯಿನ್ ಹಚ್ಚಿದರು. ಹೊಸ ನಳಿಗೆ ಹಾಕಿ, ಅದು ಹೊಟ್ಟೆಯಲ್ಲೇ ಇದೆಯೆಂದು ಎಕ್ಸ್‌ರೇಯಲ್ಲಿ ಖಾತ್ರಿ ಮಾಡಿಕೊಂಡ ಮೇಲೆ ಗಂಜಿ ಶುರುವಾಯಿತು. 70ರ ಕೆಳಗೆ ಹೋದರೆ ಅದು ಲೋ ಶುಗರ್. ಮಾತು ಹೋದ ಮನುಷ್ಯ "ತಲೆ ತಿರುಗ್ತದ" ಎಂದು ಹೇಳಲಾರ. ತಣ್ಣನೆ ಬೆವರು, ಚಡಪಡಿಕೆ, ಎಬ್ಬಿಸಿದರೂ ಏಳದ ಮಂಪರು, ಇಷ್ಟೇ ಕಾಣುವುದು. ನಳಿಗೆ ಜಾಗದಲ್ಲೇ ಇದ್ದರೆ ಮೂರು ನಾಲ್ಕು ಚಮಚ ಗ್ಲೂಕೋಸ್ ಪುಡಿಯನ್ನು ನೀರಲ್ಲಿ ಕರಗಿಸಿ ಅದರಲ್ಲೇ ಕೊಟ್ಟು, ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕು. ನಳಿಗೆ ಇಲ್ಲದಿದ್ದರೆ ಬಾಯಿಗೆ ಸಕ್ಕರೆ ನೀರು ಹೊಯ್ಯಬಾರದು, ನುಂಗಲಾಗದವರಿಗೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಕಲಬುರಗಿಯ ಐಸಿಯುನಲ್ಲಿ ದೊಡ್ಡಪ್ಪನ ಪಕ್ಕದ ಮಂಚದಲ್ಲಿ ಕರುಳಿನ ಆಪರೇಷನ್ ಆದವರೊಬ್ಬರಿದ್ದರು. ಅವರ ಹೊಟ್ಟೆಗೆ ಏನೂ ಹಾಕುವಂತಿರಲಿಲ್ಲ. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಹಾಲಿನ ಬಣ್ಣದ ಚೀಲದಿಂದ ಊಟವೇ ಹನಿಯುತ್ತಿತ್ತು. ಇದು ನಾವು ಸುಸ್ತಿಗೆ ಹಾಕಿಸಿಕೊಳ್ಳುವ ಸಲಾಯಿನ್ ಅಲ್ಲ. ಐದು ಪರ್ಸೆಂಟಿನ ಅರ್ಧ ಲೀಟರ್ ಬಾಟಲಿಯಲ್ಲಿ 25 ಗ್ರಾಂ ಗ್ಲೂಕೋಸ್ ಇರುತ್ತದೆ, ಆ ಚೀಲದಲ್ಲಿ ಅದರ ಎಷ್ಟೋ ಪಟ್ಟು. ಊಟ ಕರುಳಿನಲ್ಲಿ ಹಾದುಹೋಗುವಾಗ ಕರುಳು "ಸಕ್ಕರೆ ಬರುತ್ತಿದೆ, ತಯಾರಾಗು" ಎಂದು ಮೇದೋಜೀರಕಕ್ಕೆ ಮೊದಲೇ ಸುದ್ದಿ ಮುಟ್ಟಿಸುತ್ತದೆ. ನೇರ ರಕ್ತಕ್ಕೆ ಹಾಕಿದಾಗ ಆ ಸುದ್ದಿಯೇ ಹೋಗುವುದಿಲ್ಲ, ರಾತ್ರಿಯ ಬಿಡುವೂ ಇಲ್ಲ. ಆದ್ದರಿಂದ ಮೊದಲ ದಿನ ಕಡಿಮೆ ಹಚ್ಚಿ, ನಾಲ್ಕರಿಂದ ಆರು ಗಂಟೆಗೊಮ್ಮೆ ಶುಗರ್ ನೋಡುತ್ತ, ತಡೆದರೆ ಮಾತ್ರ ಹೆಚ್ಚಿಸುತ್ತಾರೆ. ಇನ್ಸುಲಿನ್ನನ್ನು ಕೆಲವೊಮ್ಮೆ ಆ ಚೀಲದೊಳಗೇ ಸೇರಿಸುವುದುಂಟು. ಚೀಲ ನಿಂತರೆ ಇನ್ಸುಲಿನ್ನೂ ನಿಲ್ಲುತ್ತದೆ, ನಮ್ಮ ಮನೆಯ ಆ ರಾತ್ರಿಯಂಥ ಗಂಡಾಂತರ ಕಡಿಮೆ.

ಅಂಕಿಯೇ ಸುಳ್ಳು ಹೇಳುವುದೂ ಇದೆ. ಸಲಾಯಿನ್ ಹಚ್ಚಿದ ಕೈಯ ಬೆರಳಿನಿಂದ ರಕ್ತ ತೆಗೆದರೆ ಸಲಾಯಿನ್ನಿನ ಸಕ್ಕರೆ ಅದರಲ್ಲಿ ಬೆರೆತಿರಬಹುದು, ಇನ್ನೊಂದು ಕೈಯಿಂದ ತೆಗೆಯಬೇಕು. ಗಂಜಿ ಕಲಸಿದ ಕೈಯಲ್ಲೇ ರೋಗಿಯ ಬೆರಳು ಹಿಡಿದು ಚುಚ್ಚಿದರೂ ಮೇಲೆ ಅಂಟಿದ ಸಕ್ಕರೆ ಸೇರಿ ಅಂಕಿ ಏರುತ್ತದೆ. ಇಬ್ಬರ ಕೈಯನ್ನೂ ನೀರಿನಿಂದ ತೊಳೆದು ಒರೆಸಿ ಚುಚ್ಚಬೇಕು. ರಕ್ತ ತೀರಾ ಕಡಿಮೆ ಇರುವವರಲ್ಲಿ ಮಷಿನ್ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ನಮ್ಮ ಹಳ್ಳಿಗಳಲ್ಲಿ ಇದನ್ನು ಡಾಕ್ಟರಿಗೆ ನೆನಪಿಸುವುದು ಒಳ್ಳೆಯದು. ಇನ್ನು ಸ್ಟ್ರಿಪ್ ಡಬ್ಬಿ. ಹೆಚ್ಚಿನವುಗಳ ಮೇಲೆ 30 ಡಿಗ್ರಿ ಒಳಗಿಡಿ ಎಂದು ಬರೆದಿರುತ್ತದೆ. ನಮ್ಮ ಬೇಸಿಗೆಗೆ ತಗಡಿನ ಮನೆಯಲ್ಲಿ ಅದು ಆಗುವ ಮಾತಲ್ಲ. ವೈನಿ ಡಬ್ಬಿಯ ಮುಚ್ಚಳ ಬಿಗಿ ಮಾಡಿ, ನೀರಿನ ಮಣ್ಣಿನ ಗಡಿಗೆಯ ಪಕ್ಕ ನೆರಳಲ್ಲಿ ಒಂದು ಸ್ಟೀಲ್ ಡಬ್ಬಿಯೊಳಗೆ ಇಟ್ಟಿದ್ದರು, ತೇವ ತಾಗದ ಹಾಗೆ.

ಎರಡು ಸಲ ಬಿಡದೆ 300ರ ಮೇಲೆ ಬಂದರೆ, ಜೊತೆಗೆ ಮೂತ್ರ ಹೆಚ್ಚಾಗಿ ನಾಲಿಗೆ ಒಣಗಿ ಮಂಪರು ಬಂದರೆ, ಕಾಯಬಾರದು ಎಂದು ಡಾಕ್ಟರು ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದುಕೊಟ್ಟಿದ್ದರು. ನೀರಡಿಕೆ ಆದರೂ ನೀರು ಕೇಳಲು ಬಾಯಿ ಇಲ್ಲದವರು ಬೇಗ ಒಣಗುತ್ತಾರೆ. ಪ್ರತಿ ಊಟದ ನಂತರ ನಳಿಗೆ ತೊಳೆಯಲು ಹಾಕುವ ನೀರು ಅದಕ್ಕೂ ಬೇಕು.

ಒಂದೂವರೆ ತಿಂಗಳಿಗೆ ದೊಡ್ಡಪ್ಪ ಮೆತ್ತನೆಯ ಅನ್ನ ನುಂಗತೊಡಗಿದರು. ಊಟ ಆರರಿಂದ ಮೂರಕ್ಕೆ ಬಂತು, ಒಂದೊಂದು ಊಟದಲ್ಲಿ ಅರ್ಧ ಉಳಿಸತೊಡಗಿದರು. ಅದೇ ವಾರ ಡಾಕ್ಟರು ಸಂಜೆಯ ಇನ್ಸುಲಿನ್ ಇಳಿಸಿದರು, ಹೊಸ ಹೊತ್ತುಗಳಿಗೆ ನೋಟ್‌ಬುಕ್‌ನಲ್ಲಿ ಹೊಸ ಪುಟ ಶುರುವಾಯಿತು.