ಕಾಫಿ ಮೇಕರ್‌ನೊಳಗೆ ಕಟ್ಟುವ ಸುಣ್ಣ

ಗಲ್ಫ್‌ನಿಂದ ಬರುವವರು ತರುವ ಸಾಮಾನುಗಳಲ್ಲಿ ಈಗ ಡ್ರಿಪ್ ಕಾಫಿ ಮೇಕರ್ ಕೂಡ ಇರುತ್ತದೆ. ನಾವು ಅದರ ಗಾಜಿನ ಜಗ್ಗನ್ನು ದಿನವೂ ತೊಳೆದು ಫಳಫಳ ಹೊಳೆಯುವಂತೆ ಇಟ್ಟುಕೊಳ್ಳುತ್ತೇವೆ. ಆದರೆ ಯಂತ್ರ ಕೆಡುವುದು ನಮ್ಮ ಕಣ್ಣಿಗೆ ಬೀಳದ ಒಳಭಾಗದಲ್ಲಿ.

ಬೆಂಗಳೂರಿನಲ್ಲಿರುವ ನನ್ನ ನಾದಿನಿಯ ಗಂಡ ದುಬೈಯಿಂದ ಇಂಥದ್ದೊಂದು ಯಂತ್ರ ತಂದಿದ್ದರು. ಅವರದು ಬೋರ್‌ವೆಲ್ ನೀರಿನ ಮನೆ. ಒಂದು ವರ್ಷ ಕಳೆಯುವಷ್ಟರಲ್ಲಿ, ಮೊದಲು ಹತ್ತು ನಿಮಿಷದಲ್ಲಿ ಇಳಿಯುತ್ತಿದ್ದ ಒಂದು ಜಗ್ ಕಾಫಿಗೆ ಇಪ್ಪತ್ತು ನಿಮಿಷ ಹಿಡಿಯತೊಡಗಿತು. ಗೊರಗೊರ ಸದ್ದು, ಹಬೆ ಎಲ್ಲ ಜೋರು. ಕಾಫಿ ಮಾತ್ರ ಉಗುರು ಬೆಚ್ಚಗೆ. ರಿಪೇರಿಯವನು "ಕಾಯಿಲ್ ಹೋಗಿದೆ, ಹೊಸದು ತಗೊಳ್ಳಿ" ಎಂದನಂತೆ. "ಭಾಭಿ, ಇದನ್ನು ಗುಜರಿಗೆ ಹಾಕಿಬಿಡಲಾ?" ಎಂದು ಆಕೆ ಫೋನಿನಲ್ಲಿ ಕೇಳಿದಳು. ನಾನು ತಡೆದೆ. ಕಾಯಿಲ್ ಸುಟ್ಟಿದ್ದರೆ ನೀರು ಬಿಸಿಯೇ ಆಗುತ್ತಿರಲಿಲ್ಲ. ನಿಧಾನವಾಗಿಯಾದರೂ ಇಳಿಯುತ್ತಿದೆ ಎಂದರೆ ದಾರಿ ಕಟ್ಟಿಕೊಂಡಿದೆ ಎಂದೇ ಅರ್ಥ.

ಡ್ರಿಪ್ ಮೇಕರ್‌ನ ಅಡಿಯಲ್ಲಿ ಒಂದು ಸಣ್ಣ ಲೋಹದ ಕೊಳವೆ ಇರುತ್ತದೆ. ಅದರೊಳಗೆ ನೀರು ಕುದಿದು, ಹಬೆಯ ಗುಳ್ಳೆಗಳು ಆ ನೀರನ್ನು ಮೇಲಕ್ಕೆ ತಳ್ಳುತ್ತವೆ. ಗಡಸು ನೀರು ಕುದಿದಾಗ ಅದರಲ್ಲಿ ಕರಗಿರುವ ಸುಣ್ಣದ ಅಂಶ ಕೊಳವೆಯ ಗೋಡೆಗೆ ಅಂಟುತ್ತದೆ. ಗೀಸರಿನ ಕಾಯಿಲಿಗೆ ಬಿಳಿ ಪದರ ಕಟ್ಟುವುದೂ ಹೀಗೆಯೇ. ಆ ಪದರ ಶಾಖವನ್ನು ನೀರಿಗೆ ಸರಿಯಾಗಿ ದಾಟಲು ಬಿಡುವುದಿಲ್ಲ, ದಾರಿಯನ್ನೂ ಕಿರಿದಾಗಿಸುತ್ತದೆ.

ಇದಕ್ಕೆ ಮದ್ದು ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ (ಸುಮಾರು 25ರಿಂದ 30 ಗ್ರಾಂ) ಹಾಕಿ, ಹರಳು ಉಳಿಯದಂತೆ ಕರಗಿಸಿ. ಕಾಫಿಪುಡಿ, ಫಿಲ್ಟರ್ ಕಾಗದ ಎರಡನ್ನೂ ತೆಗೆದು ಈ ನೀರನ್ನು ಟ್ಯಾಂಕಿಗೆ ಸುರಿದು ಸ್ವಿಚ್ ಹಾಕಿ. ಅರ್ಧದಷ್ಟು ಜಗ್ಗಿಗೆ ಇಳಿದ ಮೇಲೆ ಸ್ವಿಚ್ ಆರಿಸಿ ಅರ್ಧ ಗಂಟೆ ಹಾಗೆಯೇ ಬಿಡಿ. ಸುಣ್ಣ ಕರಗುವುದು ಈ ಹೊತ್ತಿನಲ್ಲಿ. ಅವಸರಪಟ್ಟರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಬಳಿಕ ಉಳಿದದ್ದನ್ನೂ ಇಳಿಸಿ ಚೆಲ್ಲಿ. ಕೊನೆಗೆ ಬರೀ ನೀರನ್ನು ಎರಡು ಮೂರು ಸಲ ತುಂಬಿ ಇಳಿಸಿ, ಆರಿದ ಮೇಲೆ ಒಂದು ಹನಿ ನಾಲಗೆಗೆ ಹಚ್ಚಿ ನೋಡಿ. ಹುಳಿ ಇದ್ದರೆ ಇನ್ನೊಂದು ಸಲ. ಬ್ಲೀಚಿಂಗ್ ಪುಡಿಯನ್ನಾಗಲಿ ಬ್ಲೀಚ್ ದ್ರವವನ್ನಾಗಲಿ ಇದಕ್ಕೆ ಎಂದಿಗೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ನಾದಿನಿಯ ಯಂತ್ರದಿಂದ ಮೊದಲ ಸಲ ಬಿಳಿ ಚಕ್ಕೆಗಳ ಕದಡಿದ ನೀರು ಬಂತು. ಇಪ್ಪತ್ತು ನಿಮಿಷ ಹದಿನಾಲ್ಕಕ್ಕೆ ಇಳಿಯಿತು. ಮರುದಿನ ಇನ್ನೊಮ್ಮೆ ಮಾಡಿದಾಗ ಮತ್ತೆ ಹತ್ತಕ್ಕೆ ಬಂತು. ಎರಡು ಸಲ ಮಾಡಿದರೂ ಸ್ವಲ್ಪವೂ ವ್ಯತ್ಯಾಸ ಕಾಣದಿದ್ದರೆ ಮಾತ್ರ ಬೇರೆ ದೋಷವಿದೆ ಎಂದು ತಿಳಿಯಿರಿ.

ಆದರೂ ಆಕೆಗೆ ಕಾಫಿಯಲ್ಲಿ ಒಂದು ಕಮಟು ವಾಸನೆ ಉಳಿದಿತ್ತು. ಅದು ಕಾಫಿಪುಡಿಯ ಎಣ್ಣೆಯಂಶ. ಪುಡಿ ಹಾಕುವ ಬುಟ್ಟಿಯಲ್ಲಿ, ಜಗ್ಗಿನ ಮುಚ್ಚಳದ ಸಂದಿನಲ್ಲಿ ಅಂಟಿ ಹಳಸುತ್ತದೆ. ನಿಂಬೆ ಉಪ್ಪು ಸುಣ್ಣವನ್ನು ಕರಗಿಸುತ್ತದೆಯೇ ಹೊರತು ಜಿಡ್ಡನ್ನಲ್ಲ. ಜಿಡ್ಡಿಗೆ ಬಿಸಿನೀರು, ಪಾತ್ರೆ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ ಬೇಕು, ಅದೂ ದಿನವೂ. ಸೋಪನ್ನು ಟ್ಯಾಂಕಿಗೆ ಮಾತ್ರ ಹಾಕಬೇಡಿ, ಒಳಗಿನ ಕೊಳವೆಯಿಂದ ಅದನ್ನು ಪೂರ್ತಿ ತೆಗೆಯುವುದು ಕಷ್ಟ.

ಹಾಗಾದರೆ ಸುಣ್ಣ ತೆಗೆಯುವುದು ಎಷ್ಟು ದಿನಕ್ಕೊಮ್ಮೆ? ಅದನ್ನು ನಿಮ್ಮ ಮನೆಯ ನೀರೇ ಹೇಳುತ್ತದೆ. ಸೋಪು ಸರಿಯಾಗಿ ನೊರೆ ಬಾರದ, ಪಾತ್ರೆಯ ತಳದಲ್ಲಿ ಬಿಳಿ ಕಲೆ ಉಳಿಸುವ ಬೋರ್‌ವೆಲ್ ನೀರನ್ನು ದಿನವೂ ಹಾಕುವವರು ತಿಂಗಳಿಗೊಮ್ಮೆ ಮಾಡಬೇಕು. ಮೆದು ನೀರು ಅಥವಾ ಆರ್‌ಒ ನೀರಾದರೆ ಮೂರು ತಿಂಗಳಿಗೊಮ್ಮೆ ಸಾಕು. ಹೊಸ ಯಂತ್ರ ಬಂದ ವಾರವೇ ಒಂದು ಜಗ್ ಎಷ್ಟು ನಿಮಿಷಕ್ಕೆ ಇಳಿಯುತ್ತದೆ ಎಂದು ಬರೆದಿಡಿ. ಅದಕ್ಕಿಂತ ಎರಡು ಮೂರು ನಿಮಿಷ ಹೆಚ್ಚಾದರೆ ತಿಂಗಳು ತುಂಬಲು ಕಾಯಬೇಡಿ.

ಎಸ್‌ಪ್ರೆಸೊ ಯಂತ್ರವಿದ್ದವರಿಗೆ ಒಂದು ಎಚ್ಚರಿಕೆ. ಅದರೊಳಗೆ ಪಂಪು, ವಾಲ್ವುಗಳಿರುತ್ತವೆ. ಕೆಲವದರ ಬಾಯ್ಲರ್ ಅಲ್ಯೂಮಿನಿಯಂನದು. ಅವುಗಳಿಗೆ ಕೈಪಿಡಿಯಲ್ಲಿ ಹೇಳಿದ ಪುಡಿಯನ್ನೇ, ಹೇಳಿದಷ್ಟೇ ಹೊತ್ತು ಬಳಸಿ.

ರಮ್ಜಾನ್‌ನಲ್ಲಿ ಇಫ್ತಾರ್ ಬಳಿಕ, ತರಾವೀಹ್ ಮುಗಿಸಿ ಬಂದವರಿಗೆ, ಸಹರಿಗೆ ಎಂದು ಯಂತ್ರಕ್ಕೆ ಎಂದಿಗಿಂತ ಹೆಚ್ಚು ಕೆಲಸ. ಶಅಬಾನ್ ಕೊನೆಯ ವಾರದಲ್ಲಿ ಒಮ್ಮೆ, ಈದ್ ಕಳೆದ ಮೇಲೆ ಇನ್ನೊಮ್ಮೆ ಸುಣ್ಣ ತೆಗೆಯುವುದನ್ನು ನಾದಿನಿ ಈಗ ರೂಢಿ ಮಾಡಿಕೊಂಡಿದ್ದಾಳೆ.