ಆ ನಾಲ್ಕೂವರೆ ತಿಂಗಳು

ಹುಬ್ಬಳ್ಳಿಯ ಒಬ್ಬ ಕೆಮಿಕಲ್ ಇಂಜಿನಿಯರ್ ಇದ್ದಾನೆ ಎಂದುಕೊಳ್ಳಿ. ವಡೋದರಾ ಹತ್ತಿರದ ನಂದೇಸರಿಯ ಕಾರ್ಖಾನೆಯೊಂದರಲ್ಲಿ 2019ರ ಜುಲೈನಿಂದ 2022ರ ಆಗಸ್ಟ್‌ವರೆಗೆ ಇದ್ದ. ಸೆಪ್ಟೆಂಬರ್ 5ಕ್ಕೆ ಅಹಮದಾಬಾದಿನ ವಟವಾದಲ್ಲಿ ಹೊಸ ಕೆಲಸಕ್ಕೆ ಸೇರಿದ. ಪ್ರೊಸೆಸ್ ಸುಧಾರಣೆಯ ಕೆಲಸ ಅಂತ ಕರೆದಿದ್ದರು, ಸಿಕ್ಕಿದ್ದು ಬರೀ ನೈಟ್ ಶಿಫ್ಟ್ ಉತ್ಪಾದನೆ. ಜನವರಿ 20ಕ್ಕೆ ಬಿಟ್ಟ. ಈಗ ಸೂರತ್ ಬಳಿಯ ಸಚಿನ್‌ನ ಕಾರ್ಖಾನೆಗೆ ಅರ್ಜಿ ಹಾಕಬೇಕು. ಲಿಂಕ್ಡ್‌ಇನ್‌ನಲ್ಲಿ ವಟವಾ ಇರಬೇಕೋ ಬೇಡವೋ?

ಊರಿನಿಂದ ಅಕ್ಕ ಫೋನಿನಲ್ಲಿ ಹೇಳುತ್ತಾಳೆ: ‘ತೆಗದ್ ಬಿಡೋ, ನಾಕ್ ತಿಂಗಳದ್ದು ಯಾರ್ ಕೇಳ್ತಾರ?’ ಅವಳ ಮಾತಿನಲ್ಲಿ ಅರ್ಥವಿಲ್ಲದೇ ಇಲ್ಲ. ಪ್ರೊಫೈಲ್ ಅನ್ನುವುದು ಪ್ರಮಾಣಪತ್ರವಲ್ಲ. ಮಾಡಿದ್ದನ್ನೆಲ್ಲ ಅಲ್ಲಿ ಬರೆಯಲೇಬೇಕೆಂಬ ಕಾನೂನೇನೂ ಇಲ್ಲ. ಹತ್ತು ವರ್ಷ ಹಿಂದಿನ ನಾಲ್ಕು ತಿಂಗಳಾಗಿದ್ದರೆ ಯಾವ ಯೋಚನೆಯೂ ಇಲ್ಲದೆ ತೆಗೆಯಬಹುದಿತ್ತು.

ಆದರೆ ಇವನ ಲೆಕ್ಕ ಬೇರೆ. ವಟವಾ ತೆಗೆದರೆ ಸೆಪ್ಟೆಂಬರ್‌ನಿಂದ ಫೆಬ್ರವರಿವರೆಗೆ ಪೂರ್ತಿ ಆರು ತಿಂಗಳ ಖಾಲಿ ಕಾಣುತ್ತದೆ. ಇಟ್ಟರೆ ಕಾಣುವುದು ಐದಾರು ವಾರದ ಖಾಲಿ ಮಾತ್ರ. ಅಡಗಿಸಿದ ನೌಕರಿಗಿಂತ ಅದು ಬಿಟ್ಟುಹೋದ ತೂತೇ ದೊಡ್ಡದು. ಸಂದರ್ಶನದಲ್ಲಿ ಆ ತೂತಿನ ಬಗ್ಗೆ ಕೇಳಿಯೇ ಕೇಳುತ್ತಾರೆ, ಆಗ ಒಂದೋ ವಟವಾದ ಹೆಸರು ಹೇಳಬೇಕು, ಇಲ್ಲ ಸುಳ್ಳು ಹೇಳಬೇಕು.

ಕೆಲವರು ತೂತು ಮುಚ್ಚಲು ಹಿಂದಿನ ಕೆಲಸವನ್ನೇ ಎಳೆಯುತ್ತಾರೆ: ನಂದೇಸರಿಯಲ್ಲಿ ಡಿಸೆಂಬರ್‌ವರೆಗೆ ಇದ್ದೆ ಅಂತ. ಕೆಲಸ ಕೆಡುವುದು ಇಲ್ಲಿಯೇ. ನಂದೇಸರಿಯವರು ಕೊಟ್ಟ ರಿಲೀವಿಂಗ್ ಲೆಟರ್‌ನಲ್ಲಿ ಆಗಸ್ಟ್ ಎಂದೇ ಇದೆ. ಅದಕ್ಕಿಂತ ಗಟ್ಟಿ ಸಾಕ್ಷಿ ಪಿಎಫ್. ಯುಎಎನ್ ಸಂಖ್ಯೆ ಒಂದೇ. ಅದರ ಕೆಳಗೆ ಪಿಎಫ್ ಕಟ್ಟಿದ ಪ್ರತಿ ಕಂಪನಿಗೂ ಬೇರೆ ಮೆಂಬರ್ ಐಡಿ, ಸೇರಿದ ದಿನ, ಬಿಟ್ಟ ದಿನ. ಹೊಸ ಕಂಪನಿಗೆ ಸೇರುವ ದಿನ ತುಂಬುವ ಫಾರ್ಮ್ 11ರಲ್ಲಿ ಹಿಂದಿನ ಪಿಎಫ್ ಖಾತೆಯನ್ನೂ ಅಲ್ಲಿಂದ ಬಿಟ್ಟ ದಿನಾಂಕವನ್ನೂ ಬರೆಯಬೇಕು. ‘ಹಿಂದಿನ’ ಅಂದರೆ ಇವನ ಮಟ್ಟಿಗೆ ವಟವಾ, ನಂದೇಸರಿ ಅಲ್ಲ.

ಆದಾಯ ತೆರಿಗೆಯೂ ಸುಮ್ಮನಿರುವುದಿಲ್ಲ. 2022-23ರ ಒಂದೇ ಹಣಕಾಸು ವರ್ಷದಲ್ಲಿ ನಂದೇಸರಿ, ವಟವಾ, ಸಚಿನ್ ಮೂರೂ ಬರುತ್ತವೆ. ಹೊಸ ಕಂಪನಿಗೆ 12ಬಿ ನಮೂನೆಯಲ್ಲಿ ಹಿಂದಿನ ಸಂಬಳ ತಿಳಿಸದಿದ್ದರೆ ಅವರು ಸ್ಟ್ಯಾಂಡರ್ಡ್ ಡಿಡಕ್ಷನ್, ಸ್ಲ್ಯಾಬ್ ಎಲ್ಲವನ್ನೂ ಮತ್ತೆ ಮೊದಲಿನಿಂದ ಲೆಕ್ಕ ಹಾಕಿ ಕಡಿಮೆ ತೆರಿಗೆ ಹಿಡಿಯುತ್ತಾರೆ. ಬಾಕಿಯನ್ನು ಜುಲೈನಲ್ಲಿ ರಿಟರ್ನ್ ಹಾಕುವಾಗ ಕೈಯಿಂದ ಕಟ್ಟಬೇಕು. ವಟವಾದವರು ಟಿಡಿಎಸ್ ಹಿಡಿದಿದ್ದರೆ 26ಎಎಸ್‌ನಲ್ಲಿ ಅವರ ಹೆಸರೂ ಇರುತ್ತದೆ, ಕೆಲವು ಕಂಪನಿಗಳು ಪರಿಶೀಲನೆಗೆ ಅದನ್ನೂ ಕೇಳುತ್ತವೆ.

ಹಾಗಾಗಿ ಪ್ರೊಫೈಲ್ ಬೇರೆ, ಸಹಿ ಹಾಕುವ ಅರ್ಜಿ ಬೇರೆ. ಪ್ರೊಫೈಲ್‌ನಲ್ಲಿ ಬಿಡುವುದು ಆಯ್ಕೆ. ‘ಎಲ್ಲ ಹಿಂದಿನ ನೌಕರಿಗಳನ್ನು ನಮೂದಿಸಿ’ ಎಂದು ಕೇಳುವ, ಕೆಳಗೆ ಘೋಷಣೆಯಿರುವ ಫಾರ್ಮ್‌ನಲ್ಲಿ ಬಿಟ್ಟರೆ ಅದು ಮುಚ್ಚಿಟ್ಟಂತೆ. ಆಫರ್ ಹಿಂತೆಗೆಯಲು ಅಷ್ಟೇ ಸಾಕಾಗಬಹುದು. ನಾಲ್ಕು ತಿಂಗಳಲ್ಲಿ ಬಿಟ್ಟದ್ದಕ್ಕೆ ಮುಖ ಸಿಂಡರಿಸುವವರು ಇರಬಹುದು, ಆದರೆ ದಿನಾಂಕ ತಾಳೆಯಾಗದಿದ್ದರೆ ಬರುವ ಸಿಟ್ಟೇ ಬೇರೆ.

ಇವನ ವಿಷಯದಲ್ಲಿ ಇಡುವುದೇ ಸರಿ, ಆದರೆ ಚಿಕ್ಕದಾಗಿ. ಕಂಪನಿ, ಹುದ್ದೆ, ‘ಸೆಪ್ಟೆಂಬರ್ 2022 – ಜನವರಿ 2023’, ಕೆಳಗೆ ಒಂದೇ ಸಾಲು: ದ್ರಾವಕ ಮರುಬಳಕೆಯ ಡಿಸ್ಟಿಲೇಷನ್ ಕಾಲಂ ನಡೆಸಿದ್ದು, ಬ್ಯಾಚ್ ದಾಖಲೆ ಇಟ್ಟಿದ್ದು. ನಂದೇಸರಿಗೆ ಐದು ಸಾಲು ಕೊಟ್ಟರೆ ಇದಕ್ಕೆ ಒಂದು ಸಾಕು. ಸುಮ್ಮನೆ ‘ಕಾಂಟ್ರ್ಯಾಕ್ಟ್’ ಎಂದು ಸೇರಿಸುವುದು ಮಾತ್ರ ಬೇಡ. ನಿಜವಾಗಿ ಆರು ತಿಂಗಳ ಕಾಂಟ್ರ್ಯಾಕ್ಟ್ ಆಗಿದ್ದರೆ ಆ ಒಂದು ಪದವೇ ಎಲ್ಲ ಪ್ರಶ್ನೆಗೂ ಉತ್ತರ. ಕಾಯಂ ನೌಕರಿಯಾಗಿದ್ದರೆ ಅಪಾಯಿಂಟ್‌ಮೆಂಟ್ ಲೆಟರ್ ಆ ಪದವನ್ನು ಸುಳ್ಳು ಮಾಡುತ್ತದೆ.

ಯಾಕೆ ಬಿಟ್ಟೆ ಎನ್ನುವುದಕ್ಕೆ ಪ್ರೊಫೈಲ್‌ನಲ್ಲಿ ಜಾಗವಿಲ್ಲ. ಅಲ್ಲಿ ಕಾರಣ ಬರೆದರೆ ದೂರಿನಂತೆ ಓದಿಸಿಕೊಳ್ಳುತ್ತದೆ, ಯಾರೂ ಕೇಳುವ ಮೊದಲೇ. ಕೇಳಿದಾಗ ಎರಡು ವಾಕ್ಯ: ‘ಪ್ರೊಸೆಸ್ ಕೆಲಸಕ್ಕೆ ಸೇರಿದ್ದೆ, ಕೊಟ್ಟದ್ದು ಶಿಫ್ಟ್ ಉತ್ಪಾದನೆ. ನಾಲ್ಕು ತಿಂಗಳು ನೋಡಿ, ನೋಟಿಸ್ ಕೊಟ್ಟು ಬಂದೆ.’ ಅಲ್ಲಿಗೆ ನಿಲ್ಲಿಸಬೇಕು. ಮುಂದುವರಿದು ಹಳೆ ಸಾಹೇಬರನ್ನು ಬೈಯಲು ಶುರುಮಾಡಿದರೆ ಕೇಳುವವರು ಪೆನ್ನು ಕೆಳಗಿಡುತ್ತಾರೆ.

ಇನ್ನೊಂದು ಸಣ್ಣ ಕೆಲಸ ಉಳಿದಿದೆ. ಬಿಟ್ಟವರ ಎಕ್ಸಿಟ್ ದಿನಾಂಕವನ್ನು ಪಿಎಫ್ ಪೋರ್ಟಲ್‌ನಲ್ಲಿ ಹಾಕಲು ಕಂಪನಿಗಳು ಮರೆಯುವುದುಂಟು. ಹಾಗಾದರೆ ವಟವಾದಲ್ಲಿ ಇನ್ನೂ ಕೆಲಸದಲ್ಲಿ ಇರುವಂತೆಯೇ ತೋರಿಸುತ್ತದೆ, ಹಣ ಹೊಸ ಖಾತೆಗೆ ವರ್ಗವಾಗುವುದೂ ತಡೆಯುತ್ತದೆ. ಕೊನೆಯ ವಂತಿಗೆಯಾಗಿ ಎರಡು ತಿಂಗಳ ನಂತರ ಆ ದಿನಾಂಕವನ್ನು ಅವನೇ ಪೋರ್ಟಲ್‌ನಲ್ಲಿ ಹಾಕಬಹುದು. ರಿಲೀವಿಂಗ್ ಲೆಟರ್‌ನಲ್ಲಿ ಇರುವ ಜನವರಿ 20ನ್ನೇ ಹಾಕಬೇಕು.