ಸತ್ತ ಮೇಲೆ ಏನು ಉಳೀಬೇಕು?

ರೋಗ್‌ಲೈಕ್ ಆಡೋರಿಗೆಲ್ಲ ಮೊದಲ ನಿಯಮ ಗೊತ್ತೇ ಇರುತ್ತೆ: ಸತ್ತರೆ ಮೊದಲಿಂದ ಶುರು. ಈ ಬಗೆಯ ಆಟಗಳಿಗೆ ಹೆಸರು ಕೊಟ್ಟ 1980ರ ‘ರೋಗ್’ ಆಟದಲ್ಲಿ ಸತ್ತ ಪಾತ್ರದ ಶಕ್ತಿಯಾಗಲಿ, ಸಾಮಾನಾಗಲಿ ಮುಂದಿನ ರನ್‌ಗೆ ದಾಟುತ್ತಿರಲಿಲ್ಲ. ದಾಟುತ್ತಿದ್ದದ್ದು ಆಡಿದವರ ತಲೆಯಲ್ಲಿ ಉಳಿದ ಪಾಠ ಮಾತ್ರ. ಈಗಿನ ಎಷ್ಟೋ ಆಟಗಳು ಅಷ್ಟು ಕಟುಕರಲ್ಲ. ‘ರೋಗ್ ಲೆಗಸಿ’ಯಲ್ಲಿ ಸತ್ತವನ ಚಿನ್ನ ವಾರಸುದಾರನಿಗೆ ಹೋಗುತ್ತೆ, ಅದರಲ್ಲಿ ಅವನು ಹೆಲ್ತ್ ಹೆಚ್ಚಿಸಿಕೊಳ್ಳಬಹುದು. ‘ಹೇಡೀಸ್’ನಲ್ಲಿ ಸತ್ತು ಮನೆಗೆ ವಾಪಸ್ ಬಂದರೆ ಕೋಣೆಯಲ್ಲೊಂದು ಕನ್ನಡಿ, ಅದರಲ್ಲಿ ಶಾಶ್ವತ ಶಕ್ತಿಗಳು.

ಎರಡನೇ ವರ್ಷದ ನಾವು ನಾಲ್ವರು ಸೇರಿ ಒಂದು ಚಿಕ್ಕ ರೋಗ್‌ಲೈಕ್ ಮಾಡ್ತಿದ್ದೀವಿ. ಮೂರು ಅಂತಸ್ತು, ಪ್ರತಿ ಅಂತಸ್ತಿನ ಕೊನೆಗೊಬ್ಬ ಬಾಸ್. ಕೋಡ್ ಬರೆಯುವಾಗ ಆಗದಷ್ಟು ಜಗಳ ಒಂದೇ ಪ್ರಶ್ನೆಗೆ ಆಯ್ತು: ಸತ್ತ ಮೇಲೆ ಆಟಗಾರನ ಹತ್ತಿರ ಏನು ಉಳೀಬೇಕು? ಪಟ್ಟಿಯಲ್ಲಿ ನಾಲ್ಕು ವಿಷಯ ಇದ್ದವು: ಹೆಚ್ಚಿನ ಹೆಲ್ತ್, ಹೆಚ್ಚಿನ ಡ್ಯಾಮೇಜ್, ಹೊಸ ಆಯುಧಗಳು, ಎರಡನೇ ಅಂತಸ್ತಿಗೆ ಅಡ್ಡದಾರಿ.

ಮೊದಲೆರಡನ್ನು ನೋಡೋಣ. ನಮ್ಮ ಆಟದಲ್ಲಿ ಶುರುವಿನ ಹೆಲ್ತ್ 50, ಶತ್ರುವಿನ ಒಂದು ಏಟಿಗೆ 5 ಹೋಗುತ್ತೆ. ಅಂದರೆ ಹತ್ತು ಏಟಿಗೆ ಕಥೆ ಮುಗೀತು. ಪ್ರತಿ ಅನ್‌ಲಾಕ್‌ಗೆ 5 ಹೆಲ್ತ್, ಹಾಗೆ ಹತ್ತು ಸಲ; ಪ್ರತಿ ಅನ್‌ಲಾಕ್‌ಗೆ ಶೇ 5 ಡ್ಯಾಮೇಜ್, ಅದೂ ಹತ್ತು ಸಲ. ಕೇಳೋಕೆ ಚಿಲ್ಲರೆ ಕಾಸಿನ ಹಾಗಿದೆ. ಆದರೆ ಪೂರ್ತಿ ತಗೊಂಡಾಗ ಹೆಲ್ತ್ 100 ಆಗುತ್ತೆ, ಡ್ಯಾಮೇಜ್ ಒಂದೂವರೆ ಪಟ್ಟು. ಡ್ಯಾಮೇಜ್ ಒಂದೂವರೆ ಪಟ್ಟಾದರೆ ಶತ್ರು ಸಾಯಲು ಹಿಡಿಯುವ ಸಮಯ ಮೂರನೇ ಎರಡು ಭಾಗಕ್ಕೆ ಇಳಿಯುತ್ತೆ, ಅಷ್ಟರಲ್ಲಿ ನಾವು ತಿನ್ನುವ ಏಟೂ ಸುಮಾರಾಗಿ ಅಷ್ಟೇ ಕಡಿಮೆ. ಹಾಗಾಗಿ ಈ ಎರಡು ಕೂಡಿಕೊಳ್ಳಲ್ಲ, ಗುಣಿಸಿಕೊಳ್ಳುತ್ತವೆ: 2 × 1.5 = 3. ಎಲ್ಲ ಕೊಂಡವನು ಹೊಸಬನಿಗಿಂತ ಮೂರು ಪಟ್ಟು ಕೆಟ್ಟದಾಗಿ ಆಡಿದರೂ ಬದುಕಬಹುದು.

ಈಗ ಬಾಸ್‌ನ ಕಷ್ಟವನ್ನ ಯಾರ ಅಳತೆಗೆ ಹೊಲಿಯೋದು? ಹೊಸಬನ ಅಳತೆಗೆ ಹೊಲಿದರೆ ಎಲ್ಲ ಕೊಂಡವನಿಗೆ ಬಾಸ್ ಹಪ್ಪಳ. ಎಲ್ಲ ಕೊಂಡವನ ಅಳತೆಗೆ ಹೊಲಿದರೆ ಹೊಸಬ ಮೊದಲ ಹತ್ತು ಹದಿನೈದು ರನ್ ಎಷ್ಟೇ ಚೆನ್ನಾಗಿ ಆಡಿದರೂ ಗೆಲ್ಲಲ್ಲ. ಅವನು ಆಡ್ತಿಲ್ಲ, ಬಾಡಿಗೆ ಕಟ್ತಿದ್ದಾನೆ ಅಷ್ಟೆ. ಇನ್ನೂ ಕೆಟ್ಟ ವಿಷಯ ಅಂದರೆ, ಗೆದ್ದಾಗಲೂ ‘ನಾನು ಕಲಿತೆನಾ, ಇಲ್ಲಾ ನನ್ನ ನಂಬರ್ ದೊಡ್ಡದಾಯ್ತಾ’ ಅನ್ನೋದು ಅವನಿಗೇ ಗೊತ್ತಾಗಲ್ಲ.

ಇದನ್ನ ಬಾಯಲ್ಲಿ ವಾದ ಮಾಡೋ ಬದಲು ಎರಡು ಸೇವ್ ಫೈಲ್ ಮಾಡಿದ್ವಿ. ಒಂದು ಪೂರ್ತಿ ಖಾಲಿ, ಇನ್ನೊಂದರಲ್ಲಿ ಎಲ್ಲ ಅನ್‌ಲಾಕ್. ಖಾಲಿ ಫೈಲನ್ನ ನಮ್ಮಲ್ಲಿ ಚೆನ್ನಾಗಿ ಆಡುವವನಿಗೆ ಕೊಟ್ವಿ, ತುಂಬಿದ್ದನ್ನ ಈ ಆಟ ಒಮ್ಮೆಯೂ ಆಡದ ಪಕ್ಕದ ರೂಮಿನವನಿಗೆ. ಪರೀಕ್ಷೆ ಸರಳ. ಖಾಲಿ ಫೈಲಿನ ನುರಿತವನು ಗೆಲ್ಲೋಕೇ ಆಗದಿದ್ದರೆ, ಅನ್‌ಲಾಕ್‌ಗಳು ಬಾಗಿಲಿಗೆ ಬೀಗ ಆಗಿವೆ ಅಂತ ಅರ್ಥ. ತುಂಬಿದ ಫೈಲಿನ ಹೊಸಬ ಏನೂ ಕಲಿಯದೆ ಗೆದ್ದರೆ, ಸವಾಲು ಸತ್ತಿದೆ ಅಂತ ಅರ್ಥ. ನುರಿತವನು ನಾಲ್ಕನೇ ರನ್‌ನಲ್ಲಿ ಗೆದ್ದ, ಅದು ಸರಿ. ಪಕ್ಕದ ರೂಮಿನವನು ಬಾಸ್ ಮುಂದೆ ನಿಂತು, ಒಂದು ಸಲವೂ ಪಕ್ಕಕ್ಕೆ ಜಿಗಿಯದೆ, ಅಟ್ಯಾಕ್ ಬಟನ್ ಒತ್ತುತ್ತಲೇ ಮೊದಲ ರನ್‌ನಲ್ಲೇ ಗೆದ್ದುಬಿಟ್ಟ. “ಇಷ್ಟೇನಾ ಮಗಾ?” ಅಂದ.

ಅಲ್ಲಿಗೆ ಡ್ಯಾಮೇಜ್ ಅನ್‌ಲಾಕ್ ಪಟ್ಟಿಯಿಂದ ಹೊರಗೆ. ಹೆಲ್ತ್ ಎರಡೇ ಮೆಟ್ಟಿಲು ಉಳೀತು: 50ರಿಂದ 60. ಮೊದಲ ಮೂರ್ನಾಲ್ಕು ಸಾವಿನಲ್ಲೇ ಅದು ಕೈಗೆ ಸಿಗುತ್ತೆ. ಹೊಸಬನಿಗೆ ಏನೋ ಸಿಕ್ಕಿತು ಅನ್ನೋ ಖುಷಿ ಇರುತ್ತೆ, ಎರಡು ಏಟಿಗಿಂತ ಜಾಸ್ತಿ ವ್ಯತ್ಯಾಸ ಆಗಲ್ಲ.

ಉಳಿದದ್ದು ಆಯುಧಗಳು. ‘ನಂಬರ್ ಕೊಡಬೇಡಿ, ಆಯ್ಕೆ ಕೊಡಿ’ ಅನ್ನೋದು ಒಳ್ಳೆಯ ಸೂತ್ರ. ‘ಸ್ಲೇ ದ ಸ್ಪೈರ್’ ಮಾಡೋದು ಅದನ್ನೇ. ಅಲ್ಲಿ ಆಡ್ತಾ ಆಡ್ತಾ ಹೊಸ ಕಾರ್ಡುಗಳು ತೆರೆದುಕೊಳ್ಳುತ್ತವೆ, ಆದರೆ ಅವು ರನ್ ಶುರುವಿಗೇ ಕೈಗೆ ಬರಲ್ಲ, ದಾರಿಯಲ್ಲಿ ಸಿಗಬಹುದಾದ ಕಾರ್ಡುಗಳ ರಾಶಿಗೆ ಸೇರುತ್ತವೆ. ಆದರೆ ರಾಶಿ ದೊಡ್ಡದಾದರೆ ಅದಕ್ಕೂ ಒಂದು ಬೆಲೆ ಇದೆ.

ನಮ್ಮ ಆಟದಲ್ಲಿ ಪೆಟ್ಟಿಗೆ ತೆರೆದರೆ ಮೂರು ಬೇರೆ ಬೇರೆ ಆಯುಧ ತೋರಿಸ್ತೀವಿ, ಒಂದನ್ನ ಆರಿಸಬೇಕು. ಶುರುವಿಗೆ 12 ಆಯುಧ, ಅದರಲ್ಲಿ 4 ವಿಷದವು. ವಿಷದ ಆಟ ಆಡಬೇಕು ಅನ್ನೋನಿಗೆ ಒಂದು ಪೆಟ್ಟಿಗೆಯಲ್ಲಿ ಕನಿಷ್ಠ ಒಂದು ವಿಷದ ಆಯುಧ ಕಾಣುವ ಸಾಧ್ಯತೆ ಹೀಗಿದೆ:

1 − (8/12 × 7/11 × 6/10) ≈ 0.75

ಈಗ ಅವನು ಕಷ್ಟಪಟ್ಟು ಇನ್ನೂ 12 ಆಯುಧ ಅನ್‌ಲಾಕ್ ಮಾಡಿದ ಅಂದ್ಕೊಳ್ಳಿ, ಅವು ಯಾವುದೂ ವಿಷದವಲ್ಲ:

1 − (20/24 × 19/23 × 18/22) ≈ 0.44

ಬಹುಮಾನ ಅಂತ ಕೊಟ್ಟಿದ್ದೇ ಅವನ ಯೋಜನೆಗೆ ಕಲ್ಲು ಹಾಕ್ತು. ಮುಕ್ಕಾಲು ಪಾಲು ಪೆಟ್ಟಿಗೆಗಳಲ್ಲಿ ಸಿಗುತ್ತಿದ್ದದ್ದು ಈಗ ಅರ್ಧಕ್ಕಿಂತ ಕಡಿಮೆ ಪೆಟ್ಟಿಗೆಗಳಲ್ಲಿ. ಅದಕ್ಕೇ ಆಯುಧಗಳನ್ನ ಬಿಡಿಬಿಡಿಯಾಗಿ ಕೊಡೋದು ಬಿಟ್ಟು ಗೊಂಚಲಾಗಿ ಕೊಡಲು ನಿರ್ಧರಿಸಿದ್ವಿ: ಒಂದು ಗೊಂಚಲಲ್ಲಿ ಮೂರು ಆಯುಧ, ಅದರಲ್ಲೊಂದು ವಿಷದ್ದು. ನಾಲ್ಕು ಗೊಂಚಲು ತೆರೆದಾಗ 24ರಲ್ಲಿ 8 ವಿಷದವು, ಸಾಧ್ಯತೆ 0.72. ಆಯ್ಕೆ ಇಮ್ಮಡಿ ಆಯ್ತು, ಯೋಜನೆ ಹಾಕುವ ಅವಕಾಶ ಹೆಚ್ಚುಕಡಿಮೆ ಅಲ್ಲೇ ಉಳೀತು.

ಅಡ್ಡದಾರಿ ಬಗ್ಗೆ ಜಗಳ ಬೇಗ ಮುಗೀತು. ನೇರ ಎರಡನೇ ಅಂತಸ್ತಿಗೆ ಹೋದವನಿಗೆ ಮೊದಲ ಅಂತಸ್ತಿನ ಎರಡು ಪೆಟ್ಟಿಗೆ ಸಿಗಲ್ಲ. ಹಾಗಾಗಿ ಅದು ಎರಡನೇ ಬಾಸ್ ಜೊತೆ ಅಭ್ಯಾಸ ಮಾಡೋಕೆ ಒಳ್ಳೇದು, ಗೆಲ್ಲೋಕೆ ಉದ್ದದ ದಾರಿಯೇ ವಾಸಿ. ತನ್ನ ಬೆಲೆಯನ್ನ ತಾನೇ ಕಟ್ಟುವ ಅನ್‌ಲಾಕ್ ಅದು, ಇಟ್ಕೊಂಡ್ವಿ.

ಇಷ್ಟಾದ ಮೇಲೂ ಒಂದು ಮಾತು ಉಳಿದಿತ್ತು. ನಮ್ಮಲ್ಲಿ ಚಿತ್ರ ಬರೆಯೋದು ಒಬ್ಬಳೇ. ಮೂರನೇ ಅಂತಸ್ತಿನ ಬಾಸ್‌ನ ಪ್ರತಿ ಫ್ರೇಮ್ ಅವಳ ಕೈಯದ್ದು. ಆದರೆ ವೇಗದ ಆಟ ಅವಳ ಕೈಗೆ ಹತ್ತಲ್ಲ. ಖಾಲಿ ಫೈಲಲ್ಲಿ ಎರಡನೇ ಅಂತಸ್ತು ದಾಟಿಲ್ಲ. “ಡ್ಯಾಮೇಜ್ ತೆಗೀತೀರಾ, ತೆಗೀರಿ. ಆದರೆ ನಾನು ಬರೆದ ಬಾಸನ್ನ ನಾನೇ ಆಟದಲ್ಲಿ ನೋಡಬಾರದಾ?” ಅಂದಳು. ಯಾರ ಹತ್ತಿರವೂ ತಕ್ಷಣಕ್ಕೆ ಉತ್ತರ ಇರಲಿಲ್ಲ. ಶಾಶ್ವತ ಶಕ್ತಿ ಮಾಡ್ತಿದ್ದ ಒಂದು ನಿಜವಾದ ಕೆಲಸ ಅದೇ: ಕೈ ನಿಧಾನ ಇರೋರನ್ನೂ ಕೊನೆವರೆಗೆ ಕರ್ಕೊಂಡು ಹೋಗೋದು.

ದಾರಿ ‘ಹೇಡೀಸ್’ನಲ್ಲೇ ಇತ್ತು. ಅದರಲ್ಲಿ ‘ಗಾಡ್ ಮೋಡ್’ ಅಂತ ಸೆಟ್ಟಿಂಗ್ಸ್‌ನಲ್ಲಿ ಒಂದು ಆಯ್ಕೆ ಇದೆ. ಆನ್ ಮಾಡಿದರೆ ತಿನ್ನುವ ಡ್ಯಾಮೇಜ್ ಶೇ 20 ಕಡಿಮೆ, ಆಮೇಲೆ ಪ್ರತಿ ಸಾವಿಗೂ ಇನ್ನೂ ಶೇ 2, ಹೆಚ್ಚೆಂದರೆ ಶೇ 80ರವರೆಗೆ. ಇದು ಬಹುಮಾನದ ವೇಷ ಹಾಕಿಕೊಂಡು ಎಲ್ಲರ ಮೇಲೂ ಬೀಳಲ್ಲ. ಬೇಕಾದವರು ಕೇಳಿ ತಗೋತಾರೆ, ಬೇಡದವರ ಬಾಸ್ ಹಾಗೇ ಇರ್ತಾನೆ. ನಾವೂ ಇಂಥದ್ದೇ ಒಂದು ಸ್ವಿಚ್ ಇಟ್ವಿ, ಸೆಟ್ಟಿಂಗ್ಸ್‌ನ ಮೂಲೆಯಲ್ಲಲ್ಲ, ಮೊದಲ ಮೆನುವಿನಲ್ಲೇ.

ಹಾಗಾಗಿ ನಮ್ಮ ಪಟ್ಟಿ ಈಗ ಹೀಗಿದೆ. ರನ್‌ನಿಂದ ರನ್‌ಗೆ ದಾಟೋದು ಹತ್ತು ಹೆಲ್ತ್, ನಾಲ್ಕು ಗೊಂಚಲು ಆಯುಧ, ಒಂದು ಅಡ್ಡದಾರಿ. ಸಹಾಯ ಬೇಕಾದವರಿಗೆ ಸ್ವಿಚ್. ಪಕ್ಕದ ರೂಮಿನವನಿಗೆ ಹೊಸ ಪಟ್ಟಿಯ ತುಂಬಿದ ಫೈಲ್ ಕೊಟ್ಟಾಗ ಮೊದಲ ಬಾಸ್ ಕೈಯಲ್ಲೇ ಆರು ಸಲ ಸತ್ತ. ಏಳನೇ ಸಲ ಪಕ್ಕಕ್ಕೆ ಜಿಗಿದ.